ಅಂಗಳದ ಸುತ್ತ ಅಷ್ಟೊಂದು ಪುಟ್ಟ ಗುಡಿ ಯಾಕೆ?

ಪ್ರಶ್ನೆ: ಮೌಂಟ್ ಅಬುವಿನ ದಿಲ್‌ವಾಡಾ ಜೈನ ದೇವಸ್ಥಾನಗಳನ್ನು ನೋಡಿ ಬಂದೆವು. ಲೂಣ ವಸಹಿ ದೇವಸ್ಥಾನದಲ್ಲಿ ಅಂಗಳದ ಸುತ್ತ ಒಂದೇ ತರಹದ ಪುಟ್ಟ ಗುಡಿಗಳು, ಎಲ್ಲದರಲ್ಲೂ ಕುಳಿತ ತೀರ್ಥಂಕರರು. ಒಂದೇ ರೀತಿಯವು ಅಷ್ಟೊಂದು ಯಾಕೆ? ಕಟ್ಟಿಸಿದ್ದು ವ್ಯಾಪಾರಿ ಅಣ್ಣತಮ್ಮಂದಿರು, ತೀರಿಹೋದ ಅಣ್ಣನ ನೆನಪಿಗೆ ಅಂತ ಗೈಡ್ ಹೇಳಿದರು. ನಿಜವಾ?

ಉತ್ತರ: ಆ ಗುಡಿಗಳ ಬಾಗಿಲ ಮೇಲಿನ ಪಟ್ಟಿ ನೋಡಿದ್ರಾ? ಹೆಚ್ಚಿನವರು ನೋಡಲ್ಲ, ಛಾವಣಿ ನೋಡಿ ನೋಡಿ ಕುತ್ತಿಗೆ ನೋವು ತರಿಸಿಕೊಂಡು ಬರುತ್ತಾರೆ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಅಲ್ಲೇ. ಬಹಳಷ್ಟು ಗುಡಿಗಳಿಗೆ ಒಂದೊಂದು ಶಾಸನ ಇದೆ: ಇಂಥವರ ಶ್ರೇಯಸ್ಸಿಗಾಗಿ, ಇಂಥ ತೀರ್ಥಂಕರರ ಗುಡಿಯನ್ನು ತೇಜಪಾಲ ಮಾಡಿಸಿದ, ಅಂತ. ಗೈಡ್ ಹೇಳಿದ ಅಣ್ಣತಮ್ಮಂದಿರಲ್ಲಿ ಒಬ್ಬ ಈ ತೇಜಪಾಲ. ಅಣ್ಣ, ಅತ್ತಿಗೆ, ಅಕ್ಕತಂಗಿಯರು, ಮಕ್ಕಳು, ಸೊಸೆಯಂದಿರು. ಅಂಗಳ ಒಂದು ಸುತ್ತು ಹಾಕಿದರೆ ಇಡೀ ಮನೆತನವನ್ನೇ ಮಾತಾಡಿಸಿದ ಹಾಗೆ.

ಈ ಪುಟ್ಟ ಗುಡಿಗಳಿಗೆ ದೇವಕುಲಿಕೆ ಅನ್ನುತ್ತಾರೆ, ಅಲ್ಲಿ ಸುಮಾರು 50 ಇವೆ. ಪುಣ್ಯವನ್ನು ಹೆಸರು ಹಿಡಿದು ಹಂಚಲು ಈ ನಕ್ಷೆ ತುಂಬ ಅನುಕೂಲ. ನಡುವಿನ ಮುಖ್ಯ ಗುಡಿ ಒಂದೇ, ಅಲ್ಲಿನ ಮೂಲನಾಯಕ, ಅಂದರೆ ಮುಖ್ಯ ಮೂರ್ತಿ, ನೇಮಿನಾಥ ಒಬ್ಬನೇ. ಅದರ ಮುಂದೆ ಮುಚ್ಚಿದ ಗೂಢಮಂಡಪ, ಆಮೇಲೆ ಎತ್ತರದ ಕಟ್ಟೆಯ ಮೇಲಿನ ನವಚೌಕಿ, ಆಮೇಲೆ ಗುಮ್ಮಟದ ರಂಗಮಂಡಪ. ಇಷ್ಟರಲ್ಲಿ ಎರಡನೇ ಹೆಸರಿಗೆ ಜಾಗ ಸಿಗುವುದು ಕಷ್ಟ. ಅದೇ ಅಂಗಳದ ಅಂಚಿನಲ್ಲಿ ಒಂದು ಬಾಗಿಲು, ಒಂದು ಪೀಠ, ಒಂದು ಮೂರ್ತಿ, ಹೀಗೆ ಎಷ್ಟು ಬೇಕಾದರೂ ಜೋಡಿಸಬಹುದು, ಒಂದೇ ಸಲ ಮುಗಿಸಲೇಬೇಕು ಅಂತಲೂ ಇಲ್ಲ. ಮುಖ್ಯ ಪ್ರತಿಷ್ಠೆ ಆಗಿದ್ದು ವಿಕ್ರಮ ಸಂವತ್ 1287ರಲ್ಲಿ, ಅಂದರೆ ನಮ್ಮ ಲೆಕ್ಕದಲ್ಲಿ 1230ರ ಸುಮಾರು. ಗುಡಿಗಳ ಶಾಸನಗಳಲ್ಲಿ ಮಾತ್ರ ವಿಕ್ರಮ ಸಂವತ್ 1293ರವರೆಗಿನ ವರ್ಷಗಳು ಸಿಗುತ್ತವೆ. ಪೂಜೆ ಶುರುವಾದ ಮೇಲೂ ಸುತ್ತಲಿನ ಕೆಲಸ ವರ್ಷಗಟ್ಟಲೆ ನಡೆದೇ ಇತ್ತು.

ಈಗ ಗೈಡ್ ಹೇಳಿದ ಮಾತು. ವಸ್ತುಪಾಲ, ತೇಜಪಾಲ ಇಬ್ಬರೂ ಪ್ರಾಗ್ವಾಟ, ಅಂದರೆ ಈಗಿನ ಪೋರವಾಡ ವರ್ತಕ ಕುಲದವರು, ಅದು ಸರಿ. ಆದರೆ ಬರೀ ಅಂಗಡಿ ಇಟ್ಟುಕೊಂಡವರಲ್ಲ, ಗುಜರಾತಿನ ವಾಘೇಲ ಅರಸರ ಮಂತ್ರಿಗಳು. ಖಂಬಾತ್ ಬಂದರಿನ ಆಡಳಿತ ವಸ್ತುಪಾಲನ ಕೈಯಲ್ಲಿತ್ತು. ಅಣ್ಣ ಲೂಣಿಗನ ನೆನಪಿಗೆ ಕಟ್ಟಿಸಿದರು ಅನ್ನುವುದು ಜನಪ್ರಿಯ ಕಥೆ. ಶಾಸನ ಹೇಳುವುದು ಬೇರೆ: ಹೆಂಡತಿ ಅನುಪಮಾದೇವಿ ಮತ್ತು ಮಗ ಲೂಣಸಿಂಹನ ಶ್ರೇಯಸ್ಸಿಗಾಗಿ ತೇಜಪಾಲ ಕಟ್ಟಿಸಿದ. ವಸಹಿಯ ಹೆಸರು ಬಂದಿದ್ದು ಆ ಮಗನಿಂದ.

ನವಚೌಕಿಯಲ್ಲಿ ಬಾಗಿಲ ಎಡಬಲಕ್ಕೆ ಎರಡು ಗೂಡು ತೋರಿಸಿ, ವಾರಗಿತ್ತಿಯರು ಹಟಕ್ಕೆ ಬಿದ್ದು ಮಾಡಿಸಿದ್ದು ಅಂತಲೂ ಹೇಳಿರಬೇಕು, ಅಲ್ವಾ? ಕೇಳಲು ಚೆಂದ. ಆದರೆ ಎರಡರ ಮೇಲೂ ಇರುವುದು ಒಬ್ಬಳದೇ ಹೆಸರು: ತೇಜಪಾಲನ ಇನ್ನೊಬ್ಬ ಹೆಂಡತಿ ಸುಹಡಾದೇವಿ. ಮುಖ್ಯ ಪ್ರತಿಷ್ಠೆ ಆಗಿ ಹತ್ತು ವರ್ಷದ ಮೇಲೆ ಅವಳ ಶ್ರೇಯಸ್ಸಿಗೆ ಗಂಡ ಮಾಡಿಸಿದ್ದು. ಜಗಳದ ಸುಳಿವೇ ಇಲ್ಲ.

ಗರ್ಭಗುಡಿಯ ಹಿಂದಿನ ಹಸ್ತಿಶಾಲೆಗೂ ಹೋಗಿದ್ದರೆ ಮನೆಯವರನ್ನು ಕಣ್ಣಾರೆ ನೋಡಿರುತ್ತೀರಿ. ಅಮೃತಶಿಲೆಯ ಹತ್ತು ಆನೆ, ಹಿಂದೆ ಗೋಡೆಯಲ್ಲಿ ಹಿರಿಯರು, ಅಣ್ಣತಮ್ಮಂದಿರು ಹೆಂಡತಿಯರ ಜೊತೆ ನಿಂತಿದ್ದಾರೆ. ಇವು ಪೂಜೆಯ ಮೂರ್ತಿಗಳಲ್ಲ, ಮನೆಯವರ ಪಟ ಇದ್ದ ಹಾಗೆ. ಮಂತ್ರಿ ಪದವಿಯ ಜಂಬ ಜಾಸ್ತಿ ಕಾಣುವುದು ನನಗೆ ಇಲ್ಲೇ.

ಹಾಗಂತ ಎಲ್ಲವೂ ಒಂದೇ ಮನೆಯ ವ್ಯವಹಾರ ಅಲ್ಲ. ವರ್ಷವರ್ಷದ ಉತ್ಸವ ಎಂಟು ದಿನ. ಯಾವ ದಿನದ ಜವಾಬ್ದಾರಿ ಸುತ್ತಲಿನ ಯಾವ ಊರಿನ ಶ್ರಾವಕರದು ಅನ್ನುವುದನ್ನು ಅಲ್ಲಿನ ಇನ್ನೊಂದು ಶಾಸನದಲ್ಲಿ ಹೆಸರು ಸಮೇತ ಬರೆಸಿಟ್ಟಿದ್ದಾರೆ. ಕಟ್ಟಿಸಿದವರು ಹೋದ ಮೇಲೆ ಎಣ್ಣೆಬತ್ತಿಗೆ ಯಾರು ಅನ್ನುವ ಯೋಚನೆ ವರ್ತಕರಿಗೆ ಇರದೇ ಇರುತ್ತಾ?

ಇಂಥದ್ದು ನೋಡಲು ಅಬುವಿಗೇ ಹೋಗಬೇಕಿಲ್ಲ. ಶ್ರವಣಬೆಳಗೊಳದಲ್ಲಿ ಗೊಮ್ಮಟನ ಸುತ್ತ ಇರುವ ಸುತ್ತಾಲಯ ಕಟ್ಟಿಸಿದ್ದು ಹೊಯ್ಸಳರ ದಂಡನಾಯಕ ಗಂಗರಾಜ. ಆದರೆ ಅಲ್ಲಿ 24 ತೀರ್ಥಂಕರರನ್ನು ಮಾಡಿಸಿದ್ದು ಬಸವಿಸೆಟ್ಟಿ ಅನ್ನುವ ವರ್ತಕ. ಅವನ ಮಕ್ಕಳು ಆ ಮೂರ್ತಿಗಳ ಮುಂದೆ ಜಾಲಂದ್ರ ಹಾಕಿಸಿದರು ಅಂತ ಶಾಸನ ಹೇಳುತ್ತದೆ. ಅಪ್ಪನದು ಮೂರ್ತಿ, ಮಕ್ಕಳದು ಕಿಟಕಿ.