ಸೊಳ್ಳಿ ಕಚ್ಚಿದ ಗುಳ್ಳಿ, ನನ್ನ ಸೇಫ್ಟಿ ಪಿನ್ನು

"ಮಗನಿಗೆ ಮೂರು ವರ್ಷ. ಸೊಳ್ಳೆ ಕಚ್ಚಿ ಕಾಲು ಊದಿಕೊಂಡಿದೆ, ಮೇಲೆ ನೀರುಗುಳ್ಳೆ ಎದ್ದಿದೆ, ದಿನವಿಡೀ ಕೆರೆದುಕೊಳ್ಳುತ್ತಾನೆ. ಗುಳ್ಳೆ ಒಡೆದು ನೀರು ತೆಗೆದರೆ ಬೇಗ ಒಣಗುತ್ತಾ? ಯಾವ ಆಂಟಿಬಯೋಟಿಕ್ ಟ್ಯೂಬ್ ಹಚ್ಚಲಿ?"

ಒಡೀಬ್ಯಾಡ್ರಿ. ಟ್ಯೂಬಿನ ಮಾತು ಆಮ್ಯಾಲ.

ನಾವಿರೋದು ಕಲಬುರಗಿ. ಹೋದ ವರ್ಷ ಮಳಿ ಸುರು ಆದಾಗ ನನ್ನ ಮಗಗೂ ಹಿಂಗೇ ಆಗಿತ್ತು, ರಾತ್ರಿ ಮಲಗುವಾಗ ಹಿಮ್ಮಡಿ ಮ್ಯಾಲ ಸಣ್ಣ ಕೆಂಪು ಚುಕ್ಕಿ, ಮುಂಜಾನೆದ್ದು ನೋಡಿದ್ರ ಚಪ್ಪಲಿ ಹಿಡೀದಷ್ಟು ಬಾವು, ಮ್ಯಾಲ ತೊಗರಿ ಕಾಳಿನಷ್ಟು ಎರಡು ಗುಳ್ಳಿ, ಒಳಗ ತಿಳಿ ನೀರು. ನನಗೂ ನಿಮ್ಹಂಗೇ ಅನಿಸ್ತು, ನೀರು ಹೋದ್ರ ಒಣಗ್ತದ ಅಂತ. ಸೇಫ್ಟಿ ಪಿನ್ ಗ್ಯಾಸಿನ ಉರಿ ಮ್ಯಾಲ ಹಿಡದು, ಅದೇ ದೊಡ್ಡ ಸ್ವಚ್ಛತಾ ಅಂತ ತಿಳಕೊಂಡು ಚುಚ್ಚಿಬಿಟ್ಟೆ. ನಮ್ಮತ್ತಿ ಎಲಿ ಅಡಕಿ ಚಂಚಿಯೊಳಗಿಂದ ಸುಣ್ಣ ಕೊಟ್ರು, ಅದನ್ನೂ ಹಚ್ಚಿದೆ. ಸುಣ್ಣ ತಾಗಿದ್ದೇ ತಡ ಹುಡುಗ ಚೀರಿದ್ದು ಓಣಿಗೆಲ್ಲಾ ಕೇಳಿಸ್ತು.

ತಪ್ಪು ಎಲ್ಲಿ ಆಯ್ತಂದ್ರ, ಆ ಗುಳ್ಳಿ ಮ್ಯಾಲಿನ ತೊಗಲು ಐತಲ್ಲ, ಅದೇ ಪಟ್ಟಿ ಇದ್ದಂಗ. ಒಳಗಿನ ನೀರು ಕೀವಲ್ಲ, ವಿಷನೂ ಅಲ್ಲ, ಸೊಳ್ಳಿ ಜೊಲ್ಲಿಗಿ ಮೈ ಅಲರ್ಜಿ ಆಗಿ ಬಂದ ನೀರು. ಅದನ್ನ ತೆಗದ್ರ ಬಾವು ಇಳಿಯಂಗಿಲ್ಲ, ಕೆಳಗಿನ ಹಸಿ ತೊಗಲು ಬಯಲಾಗ್ತದ ಅಷ್ಟೇ. ಆ ಹಸಿ ಜಾಗಕ್ಕ ನಾ ಸುಣ್ಣ ಹಚ್ಚಿ ಸುಟ್ಟೆ, ಆಮ್ಯಾಲ ಮಣ್ಣಾಗ ಆಡಿದ ಉಗುರಿಂದ ಅವ ಅದನ್ನೇ ಕೆರೀಲಕತ್ತಿದ. ಪಿನ್ ಸುಟ್ಟು ಏನು ಬಂತು?

ಮೂರನೇ ದಿನಕ್ಕ ಬೆಲ್ಲದ ಪಾಕ ಒಣಗಿದಂಗ ಹಳದಿ ಹಕ್ಕಳಿ ಕಟ್ತು. ಸುತ್ತ ಕೆಂಪು ಹೆಚ್ಚಾಗ್ತಾ ಹೋಯ್ತು. ನನಗ ಖರೇ ಅಂಜಿಕಿ ಆಗಿದ್ದು ಬ್ಯಾರೆದ್ದಕ್ಕ: ಅಲ್ಲಿತನ "ಅವ್ವಾ ತಿಂಡಿ, ತಿಂಡಿ" ಅಂತ ತುರಿಕಿಗಿ ಒದ್ದಾಡ್ತಿದ್ದಾವ "ನೋವು" ಅನ್ಲಕತ್ತಿದ, ಮುಟ್ಟಗೊಡವಲ್ಲ. ಸಂಜಿಗಿ ಜ್ವರ. ಡಾಕ್ಟರ್ ನೋಡಿ ಒಂದೇ ಮಾತು ಅಂದ್ರು, "ಇದು ಸೊಳ್ಳಿ ಮಾಡಿದ್ದಲ್ಲ, ನೀವು ಮಾಡಿದ್ದು." ಏಳು ದಿನ ಆಂಟಿಬಯೋಟಿಕ್ ಸಿರಪ್ ಕುಡಸಬೇಕಾಯ್ತು.

ಎರಡು ತಿಂಗಳ ಮ್ಯಾಲ ಮುಂಗೈಗಿ ಮತ್ತ ಕಚ್ತು, ಮತ್ತ ಗುಳ್ಳಿ. ಈ ಸಲ ಸೋಪ್ ನೀರಿಲೆ ತೊಳದು, ಬಟ್ಟ್ಯಾಗ ಸುತ್ತಿದ ಐಸ್ ಹತ್ತು ನಿಮಿಷ ಇಟ್ಟು ತೆಗದೆ, ತಿಂಡಿ ಎದ್ದಾಗೊಮ್ಮೆ ಹಂಗೇ ಮಾಡ್ದೆ. ಐಸ್ ನೇರ ತೊಗಲಿಗಿ ಇಡಬ್ಯಾಡ್ರಿ, ಅದೂ ಸುಡ್ತದ. ಮಲಗಿದಾಗ ಕೈ ದಿಂಬಿನ ಮ್ಯಾಲ ಎತ್ತರ ಇಟ್ಟೆ. ಉಗುರು ಪೂರಾ ಕತ್ತರಿಸಿ, ಗುಳ್ಳಿ ಮ್ಯಾಲ ಗಾಜ್ ಬಟ್ಟಿ ಸಡಿಲ ಸುತ್ತಿದೆ, ಯಾಕಂದ್ರ ನಿದ್ದ್ಯಾಗ ಕೆರಕೊಳ್ಳೋ ಹುಡುಗಗ "ಕೆರೀಬ್ಯಾಡ" ಅಂದ್ರ ಏನು ಉಪಯೋಗ? ತಿಂಡಿ ಸಿರಪ್ಪು ಡಾಕ್ಟರ್ ತೂಕ ನೋಡಿ ಬರದು ಕೊಟ್ಟಷ್ಟೇ ಕೊಟ್ಟೆ. ಗುಳ್ಳಿ ನಾಲ್ಕನೇ ದಿನಕ್ಕ ತಾನೇ ಕುಗ್ತು, ಒಂದು ವಾರದಾಗ ಬಾವೂ ಇಳೀತು.

ಡಾಕ್ಟರ್ ಕಲಿಸಿದ್ದು ಇನ್ನೊಂದು: ಕೆಂಪಿನ ಅಂಚಿಗಿ ಬಾಲ್‌ಪೆನ್ನಿಲೆ ಗೆರಿ ಹೊಡದು ಟೈಮ್ ಬರೀರಿ. ಮೊದಲೆರಡು ದಿನ ಬಾವು ಗೆರಿ ದಾಟ್ತದ, ಅದು ಅಲರ್ಜಿದೇ ಇರಬಹುದು, ಬರೇ ಅದಕ್ಕ ಗಾಬರಿ ಆಗಬ್ಯಾಡ್ರಿ. ಎರಡು ದಿನದ ಮ್ಯಾಲೂ ಹರಡ್ಲಕತ್ತಿದ್ರ, ತಿಂಡಿ ಹೋಗಿ ನೋವು ಬಂದ್ರ, ಕೀವು, ಹಳದಿ ಹಕ್ಕಳಿ, ಜ್ವರ, ಕೈಕಾಲು ಮ್ಯಾಲ ಕೆಂಪು ಗೆರಿ ಏರಿದ್ರ ಅವತ್ತೇ ತೋರಿಸ್ರಿ. ತುಟಿ ಮಾರಿ ಬಾತು ಉಸಿರಾಡಕ ತ್ರಾಸ ಆದ್ರ ಈ ಉತ್ತರ ಓದ್ಕೋತ ಕೂಡಬ್ಯಾಡ್ರಿ, ಸೀದಾ ಆಸ್ಪತ್ರಿಗಿ ಓಡ್ರಿ.

ಈಗ ಟ್ಯೂಬ್. ಒಡೀಲಾರದ ಗುಳ್ಳಿಗಿ ಆಂಟಿಬಯೋಟಿಕ್ ಯಾಕ ಬೇಕ್ರೀ? ಮೆಡಿಕಲ್‌ದಾಗ ಕೇಳಿದ್ರ ಸ್ಟೀರಾಯ್ಡ್, ಫಂಗಸ್ಸಿನ ಔಷಧ, ಆಂಟಿಬಯೋಟಿಕ್ ಮೂರೂ ಕಲಸಿದ್ದು ಕೊಡ್ತಾರ, ಅದನ್ನಂತೂ ಮುಟ್ಟಬ್ಯಾಡ್ರಿ. ಜೋರ ಸ್ಟೀರಾಯ್ಡು ಕೆಂಪು ಮುಚ್ಚಿಟ್ಟು ಒಳಗ ನಂಜು ಬೆಳೀಲಿಕ್ಕ ಬಿಡ್ತದ. ತಿಂಡಿಗಿ ಕ್ಯಾಲಮೈನ್ ಸಾಕು, ಅದೂ ಒಡದ ಜಾಗಕ್ಕಲ್ಲ.

ಹಾಂ, ಮನ್ಯಾಗ ಕೂಲರ್ ಐತೇನು? ನಮ್ಮದರಾಗೇ ಹುಳ ಆಡ್ಲಕತ್ತಿದ್ವು. ವಾರಕ್ಕೊಮ್ಮಿ ನೀರು ಚೆಲ್ಲಿದ್ರ ಸಾಲದು, ತತ್ತಿ ಒಳಗೋಡಿಗಿ ಅಂಟಿರ್ತಾವ, ತಿಕ್ಕಿ ತೊಳದು ಒಣಗಸ್ರಿ.