ಸಂಜೆ ವಾಕಿಂಗಿಗೆ ಕಿವಿಪಟ್ಟಿಯೋ, ಉಲ್ಲನ್ ಟೊಪಗಿಯೋ?

"ಬೆಳಗಾವಿ ಕೋಟೆ ಕೆರೆ ಸುತ್ತ ಸಂಜೆ ವಾಕಿಂಗ್ ಹೋಗಿ ಬಂದರೆ ಕಿವಿ, ಹಣೆ ಎರಡೂ ನೋಯ್ತಾವ. ಇಯರ್ ಮಫ್ ತಗೊಳ್ಳೋದೋ, ಉಲ್ಲನ್ ಟೊಪಗಿ ಸಾಕೋ?"

ಹಣೆನೂ ನೋಯ್ತದ ಅಂದ್ರೆ ಟೊಪಗಿನೇ ತಗೋರಿ. ಇಯರ್ ಮಫ್ ಕಿವಿಯನ್ನಷ್ಟೇ ಮುಚ್ಚತದ, ಹಣೆಗೆ ಗಾಳಿ ಬಡಿಯೋದು ತಪ್ಪಂಗಿಲ್ಲ. ಅದರ ಪಟ್ಟಿ ಬಿಗಿ ಇದ್ದರೆ ಆ ಒತ್ತಡಕ್ಕೇ ತಲೆ ನೋಯಬಹುದು. ತೆಗೆದ ಸ್ವಲ್ಪ ಹೊತ್ತಿಗೆ ನೋವು ಇಳಿದರೆ ತಪ್ಪು ಪಟ್ಟಿದು. ಇಯರ್ ಮಫ್ ಹಾಕಿದರೆ ಹಿಂದಿನಿಂದ ಬರೋ ಗಾಡಿ ಸಪ್ಪಳನೂ ಕಡಿಮಿ ಕೇಳಸ್ತದ.

ಕಿವಿ ದಾರಿಯ ಒಳಗಿನ ಮೂರನೇ ಎರಡು ಭಾಗದಲ್ಲಿ ತೆಳು ಚರ್ಮ ನೇರ ಎಲುಬಿನ ಮೇಲೆ ಇರ್ತದ, ನಡುವೆ ಕೊಬ್ಬಿನ ಪದರ ಇಲ್ಲ. ಹಿಂಗಾಗಿ ತಣ್ಣನೆ ಗಾಳಿ ಲಗೂನ ನೋವು ತರತದ. ಕಿವಿಗೂ ಹಣೆಗೂ ಹೋಗೋ ಕೆಲವು ನರದ ಕವಲುಗಳು ಒಂದೇ ದೊಡ್ಡ ನರದವು, ಅದಕ್ಕೇ ಎರಡೂ ಕೂಡಿ ನೋಯಬಹುದು.

ಆದರೆ ಸಡಿಲ ಹೆಣಿಗೆಯ ಟೊಪಗಿಯೊಳಗ ಗಾಳಿ ನುಗ್ಗತದ. ಬೆಳಕಿಗೆ ಹಿಡಿದು ನೋಡ್ರಿ, ತೂತು ಕಂಡರೆ ಬೇಡ. ಒಳಗೆ ಫ್ಲೀಸ್ ಅಸ್ತರ ಇರೋದು, ಕಿವಿಯ ಹಾಲೆ ದಾಟಿ ಎರಡು ಬೆರಳು ಕೆಳಗೆ ಬರೋದು ಆರಿಸ್ರಿ. ನಡೀತಾ ಮೇಲೆ ಜಾರಿದರೆ ಮ್ಯಾಲೆ ಮಫ್ಲರ್ ಸುತ್ತಿದರಾಯ್ತು.

ಒಳಗೆ ಬಂದು ಅರ್ಧ ತಾಸಾದ್ರೂ ನೋವು ಇಳೀದಿದ್ದರೆ, ಹಾಲೆ ಜಗ್ಗಿದರೆ ಚುಚ್ಚಿದರೆ, ಕಿವಿ ಸೋರಿದರೆ ಅದು ಬರೇ ಗಾಳಿಯ ಕೆಲಸ ಅಲ್ಲ. ಕಿವಿ ಡಾಕ್ಟರಿಗೆ ತೋರಿಸ್ರಿ, ಎಣ್ಣಿ ಹಾಕಬ್ಯಾಡ್ರಿ.