ಒಂದೂವರೆ ಮೀಟರಿನ ಲೆಕ್ಕ

ಪ್ರಿಯ ಸಂಪಾದಕರೇ,
ಬೆಂಗಳೂರಿನಲ್ಲಿರುವ ಮಗಳು ದಿನಕ್ಕೊಂದು ಆಟೋ ಮೀಮ್ ಕಳಿಸುತ್ತಾಳೆ. ‘ಆಟೋದವರು ನಿಂತಿರೋದು ಬಾಡಿಗೆಗಲ್ಲ, ಬರಲ್ಲ ಅನ್ನೋಕೆ’ ಅಂತ ಮೊನ್ನೆ ಒಂದು ಬಂತು. ನಕ್ಕೆ. ಹೋದ ತಿಂಗಳು ಬೆಳಗಿನ ಜಾವ ನಾಲ್ಕೂವರೆಗೆ ನಾನೇ ಮೆಜೆಸ್ಟಿಕ್‌ನಲ್ಲಿ ಇಳಿದಾಗ ನಗು ಬರಲಿಲ್ಲ. ಮೂವರು ಬರಲ್ಲ ಅಂದರು, ನಾಲ್ಕನೆಯವನು ‘ಒಂದೂವರೆ ಕೊಡಿ’ ಅಂದ. ಮೀಟರ್ ಅಂತ ಒಂದಿದ್ದ ಮೇಲೆ ಈ ಚೌಕಾಸಿ ಏಕೆ? ಇದು ದುರಾಸೆಯಲ್ಲದೆ ಮತ್ತೇನು?
— ನಿವೃತ್ತ ಶಿಕ್ಷಕರೊಬ್ಬರು, ಶಿವಮೊಗ್ಗ

ಮೇಷ್ಟ್ರೇ,

ಮೊದಲು ನಿಮ್ಮ ನಾಲ್ಕನೆಯವನನ್ನು ಬಿಡಿಸಿಬಿಡುತ್ತೇನೆ. ರಾತ್ರಿ 10ರಿಂದ ಬೆಳಗಿನ 5ರವರೆಗೆ ಮೀಟರಿನ ಒಂದೂವರೆ ಪಟ್ಟು ಕೇಳುವುದು ನಿಯಮದಲ್ಲೇ ಇದೆ. ನಾಲ್ಕೂವರೆಗೆ ಅವನು ಕೇಳಿದ್ದು ಸರಿಯಾದ ದರವನ್ನೇ. ಉಳಿದ ಮೂವರ ಪರ ನನ್ನ ವಕಾಲತ್ತಿಲ್ಲ. ಖಾಲಿ ನಿಂತ ಆಟೋ ಬಾಡಿಗೆಗೆ ಬರಲ್ಲ ಅನ್ನುವುದು ಮೋಟಾರು ವಾಹನ ಕಾಯ್ದೆಯ 178ನೇ ಸೆಕ್ಷನ್ ಪ್ರಕಾರ ಅಪರಾಧ. ಹಾಗಿದ್ದೂ ಊರಿಗೆ ಊರೇ ಅದನ್ನು ದಿನಾ ಕೇಳಿಸಿಕೊಳ್ಳುತ್ತದೆ ಎಂದರೆ, ಬರೀ ಆಸೆಬುರುಕತನದ ಮೇಲೆ ಹಾಕಿ ಸುಮ್ಮನಾಗಲು ನನಗೆ ಮನಸ್ಸು ಬರುವುದಿಲ್ಲ.

ಕಳೆದ ಮಳೆಗಾಲದ ಒಂದು ಸಂಜೆ, ಆರೂವರೆ ಗಂಟೆ. ಗಾಂಧಿ ಬಜಾರಿನಿಂದ ಕೋರಮಂಗಲಕ್ಕೆ ಹೋಗಬೇಕಿತ್ತು, ಸುಮಾರು 7 ಕಿಲೋಮೀಟರ್. ಮೊದಲ ಆಟೋದವನು ಗದ್ದ ಎತ್ತಿ ‘ಎಲ್ಲಿ?’ ಅಂದ, ಹೇಳಿದೆ, ಉತ್ತರವನ್ನೂ ಕೊಡದೆ ಹೋದ. ಮೀಮಿನಲ್ಲಿ ಇರುವ ಹಾಗೆಯೇ. ಎರಡನೆಯವನು ‘ಇನ್ನೂರು ಕೊಡಿ ಸಾರ್’ ಅಂದ. ನೂರೈವತ್ತು ಅಂದೆ. ಅವನು ಬೇಡ ಅಂತ ಗೇರ್ ಹಾಕಿದ, ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಇಬ್ಬರದೂ ನಾಟಕವೇ ಅನ್ನಿ. ನೂರೆಪ್ಪತ್ತಕ್ಕೆ ಕುದುರಿತು.

ಡೇರಿ ಸರ್ಕಲ್ ಹತ್ತಿರ ಗಾಡಿ ನಿಂತಲ್ಲೇ ನಿಂತಾಗ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. 2025ರ ಆಗಸ್ಟ್ 1ರಿಂದ ಬೆಂಗಳೂರಿನಲ್ಲಿ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿ.ಮೀ.ಗೆ 18. ಅಂದರೆ ನನ್ನ 7 ಕಿಲೋಮೀಟರಿಗೆ 126. ಕಾಯುವುದಕ್ಕೆ ಮೊದಲ 5 ನಿಮಿಷ ಉಚಿತ, ಆಮೇಲೆ 15 ನಿಮಿಷಕ್ಕೆ 10 ರೂಪಾಯಿ. ಅಲ್ಲಲ್ಲಿ ನಿಂತದ್ದು ಒಟ್ಟು 35 ನಿಮಿಷ ಅಂತಿಟ್ಟುಕೊಂಡರೆ 20 ರೂಪಾಯಿ. ಎಲ್ಲ ಸೇರಿ 146. ಮನೆ ಮುಟ್ಟುವಾಗ ಹತ್ತಿರ ಹತ್ತಿರ ಒಂದು ಗಂಟೆ ಆಗಿತ್ತು.

ಮೇಷ್ಟ್ರೇ, ಗುಟ್ಟಿರುವುದು ಆ ಕಾಯುವ ದರದಲ್ಲಿ. ರಸ್ತೆ ಖಾಲಿಯಿದ್ದು ಗಂಟೆಗೆ 20 ಕಿಲೋಮೀಟರ್ ಓಡಿದರೆ ಮೀಟರು ಕಿಲೋಮೀಟರಿಗೆ ಹದಿನೆಂಟರಂತೆ 360 ರೂಪಾಯಿ ದುಡಿಯುತ್ತದೆ. ಅದೇ ಗಾಡಿ ಗಂಟೆಪೂರ್ತಿ ಜಾಮಿನಲ್ಲಿ ನಿಂತರೆ ದುಡಿಯುವುದು 40. ಚಾಲಕನ ಸಮಯ ಎರಡು ಕಡೆಯೂ ಒಂದೇ, ಬೆಲೆ ಮಾತ್ರ ಒಂಬತ್ತರಲ್ಲಿ ಒಂದು ಪಾಲು. ಮೀಟರು ದೂರವನ್ನು ಅಳೆಯುವುದಕ್ಕೆ ಹುಟ್ಟಿದ್ದು. ಬೆಂಗಳೂರಿನಲ್ಲಿ ಖರ್ಚಾಗುವುದು ಹೊತ್ತು. ಅದೇ ಸಂಜೆ ಅವನು ಬಸವನಗುಡಿ ಬಿಟ್ಟು ಆಚೆ ಹೋಗದೆ 3 ಕಿಲೋಮೀಟರಿನ ಮೂರು ಬಾಡಿಗೆ ಹೊಡೆದಿದ್ದರೆ, ಒಂದಕ್ಕೆ 54ರಂತೆ 162 ರೂಪಾಯಿ ಆಗುತ್ತಿತ್ತು, ಡೇರಿ ಸರ್ಕಲ್ಲೂ ತಪ್ಪುತ್ತಿತ್ತು. ಗದ್ದ ಎತ್ತಿ ಹೋದ ಮೊದಲನೆಯವನು ಈ ಲೆಕ್ಕವನ್ನು ಅರೆ ಸೆಕೆಂಡಿನಲ್ಲಿ ಮಾಡಿ ಮುಗಿಸಿದ್ದ. ನನಗೆ ಒಂದು ಜಾಮ್ ಬೇಕಾಯಿತು.

ಇನ್ನು ಎರಡನೆಯವನ ಇನ್ನೂರು ನೋಡಿ. 126ರ ಒಂದೂವರೆ ಪಟ್ಟು 189. ಚಿಲ್ಲರೆ ತಾಪತ್ರಯ ಬೇಡವೆಂದು ಇನ್ನೂರು. ರಾತ್ರಿಯ ದರವನ್ನು ಹಗಲಿಗೆ ತಂದು ಕೇಳಿದ್ದ, ಅಷ್ಟೇ. ನಾವು ಬಾಯಿಗೆ ಬಂದದ್ದು ಕೇಳಿದ ಅನ್ನುವ ಎಷ್ಟೋ ಮೊತ್ತಗಳನ್ನು ಬಿಡಿಸಿ ನೋಡಿದರೆ ಒಳಗೆ ಇದೇ ‘ಒಂದೂವರೆ’ ಕೂತಿರುತ್ತದೆ, ಇಲ್ಲವೇ ‘ಮೀಟರ್ ಮೇಲೆ ಇಪ್ಪತ್ತು’.

ಈ ಮಾತು ಬೀದಿಯಲ್ಲಿ ಬೇರೂರಿದ್ದಕ್ಕೆ ಸರ್ಕಾರದ ನಿಧಾನವೂ ಒಂದು ಕಾರಣ ಅಂತ ನನ್ನ ಅನಿಸಿಕೆ. 2013ರಲ್ಲಿ ಕನಿಷ್ಠ ದರ 25 ಆಯಿತು. ಅದು 30 ಆಗಲು 2021ರ ಡಿಸೆಂಬರ್ ಬರಬೇಕಾಯಿತು. ನಡುವೆ ಎಂಟು ವರ್ಷ. ಗ್ಯಾಸು, ಮನೆ ಬಾಡಿಗೆ, ಶಾಲೆ ಫೀಸು ಯಾವುದೂ ಎಂಟು ವರ್ಷ ನಿಂತಲ್ಲಿ ನಿಂತಿರಲಿಲ್ಲ. ಅಧಿಕೃತ ದರ ಮಲಗಿದ್ದಾಗ ಬೀದಿ ತನ್ನ ದರವನ್ನು ತಾನೇ ಪರಿಷ್ಕರಿಸಿಕೊಂಡಿತು. ಆಮೇಲೆ ಮೀಟರ್ ದರ ಏರಿದರೂ ‘ಮೇಲೆ ಇಪ್ಪತ್ತು’ ಇಳಿಯಲಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿ.

ಸಿಟ್ಟಿಗೆ ಇನ್ನೊಂದು ಕಾರಣವೂ ಇದೆ. ಚೌಕಾಸಿ ನಿಮಗೂ ನನಗೂ ಆಟದಂತಿರಬಹುದು, ಎಲ್ಲರಿಗೂ ಅಲ್ಲ. ಮಗು ಎತ್ತಿಕೊಂಡು ಆಸ್ಪತ್ರೆ ಗೇಟಿನ ಮುಂದೆ ನಿಂತ ತಾಯಿ ಎರಡು ಹೆಜ್ಜೆ ಹಿಂದೆ ಸರಿಯುವ ನಾಟಕ ಆಡಲಾರಳು. ಟ್ರಂಕು, ಹಾಸಿಗೆ ಸುತ್ತಿಕೊಂಡು ಮೊದಲ ಸಲ ಊರಿಗೆ ಬಂದ ಹುಡುಗನಿಗೆ ದೂರವೂ ಗೊತ್ತಿಲ್ಲ, ದರವೂ ಗೊತ್ತಿಲ್ಲ. ಮುಖ ನೋಡಿ ಮೊಳ ಹಾಕುವ ಚಾಲಕರಿದ್ದಾರೆ. ಅವರಿಗೆ ನನ್ನ ಜಾಮಿನ ಲೆಕ್ಕವನ್ನು ನೆಪವಾಗಿ ಕೊಡಲಾರೆ. ಮೀಟರಿನ ನಿಜವಾದ ಉಪಯೋಗ ಬಾಯಿ ಇಲ್ಲದವರಿಗೆ.

ಆ ಮೀಟರೂ ಕೆಲವೊಮ್ಮೆ ಗಾಡಿಗಿಂತ ಜೋರಾಗಿ ಓಡುತ್ತದೆ. ಕಂಡುಹಿಡಿಯುವುದು ಕಷ್ಟವಲ್ಲ. ಗಾಡಿ ಎಲ್ಲೂ ನಿಲ್ಲದೆ ಸಾಗುತ್ತಿದ್ದರೆ 2 ಕಿಲೋಮೀಟರ್ ಮುಗಿಯುವವರೆಗೆ ಅಂಕಿ ಮೂವತ್ತಾರರಲ್ಲೇ ಇರಬೇಕು. ಗೊತ್ತಿರುವ ರಸ್ತೆಯಲ್ಲಿ ಅದಕ್ಕೆ ಮುಂಚೆಯೇ ಏರತೊಡಗಿದರೆ ಕೈಯಾಡಿಸಿದ್ದಾರೆ ಅಂತ ಅನುಮಾನಿಸಬಹುದು. ಜಾಮಿನಲ್ಲಿ ನಿಂತಿದ್ದರೆ ಮಾತ್ರ ಈ ಪರೀಕ್ಷೆ ನಡೆಯದು, ಕಾಯುವ ಹಣ ಸೇರಿಕೊಳ್ಳುತ್ತದೆ.

ಮೊಬೈಲ್ ಆಪ್‌ಗಳು ಬಂದ ಮೇಲೆ ಇದೆಲ್ಲ ಮುಗಿಯಿತು ಅಂದುಕೊಂಡಿದ್ದೆವು. ಮುಗಿಯಲಿಲ್ಲ, ಮೌನವಾಯಿತು. ಈಗ ಯಾರೂ ಎದುರಿಗೆ ಬರಲ್ಲ ಅನ್ನುವುದಿಲ್ಲ, ಯಾರೂ ಬುಕಿಂಗ್ ಎತ್ತಿಕೊಳ್ಳುವುದಿಲ್ಲ, ಅಷ್ಟೇ. ಎತ್ತಿಕೊಂಡವರು ಫೋನ್ ಮಾಡಿ ‘ಎಲ್ಲಿಗೆ ಡ್ರಾಪು, ಆನ್‌ಲೈನಾ ಕ್ಯಾಶಾ?’ ಎಂದು ಕೇಳಿ ಮಾಯವಾಗುವುದೂ ಉಂಟು. ನಿಮ್ಮ ಮಗಳು ಕಳಿಸುವುದರಲ್ಲಿ ಅರ್ಧ ಈ ಫೋನಿನ ಬಗ್ಗೆಯೇ ಇರಬೇಕು. ಆಗ ಪರದೆಯ ಮೇಲೆ ಹತ್ತು, ಇಪ್ಪತ್ತು ಸೇರಿಸಿ ನೋಡಿ ಎನ್ನುವ ಗುಂಡಿ ಬರುತ್ತದೆ. ಬಾಗಿಲ ಬಳಿ ನಿಂತು ಕೇಳುತ್ತಿದ್ದ ‘ಮೇಲೆ ಇಪ್ಪತ್ತು’ ಅದೇ ಅಲ್ಲವೇ? ವ್ಯತ್ಯಾಸವೆಂದರೆ ಅಲ್ಲಿ ಬೆಲೆ ಏರಿಸುವವರು ನಾವು, ಇಳಿಸುವ ಗುಂಡಿ ನನಗಂತೂ ಎಲ್ಲೂ ಕಂಡಿಲ್ಲ. ಸೇವೆಗೆ ಮುಂಚೆಯೇ ಟಿಪ್ ಕೇಳುವ ಈ ಪದ್ಧತಿಯ ಬಗ್ಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರ ಮೇ ತಿಂಗಳಲ್ಲಿ ಉಬರ್‌ಗೆ ನೋಟಿಸು ಕೊಟ್ಟಿತ್ತು.

ಆ ಸಂಜೆ ಇಳಿಯುವಾಗ ನಾನು ನೂರೆಪ್ಪತ್ತರ ಬದಲು ನೂರೆಂಬತ್ತು ಕೊಟ್ಟೆ. ಉದಾರತೆ ಅಂತ ತಿಳಿಯಬೇಡಿ, ಅವನ ಹತ್ತಿರ ಹತ್ತರ ನೋಟು ಇರಲಿಲ್ಲ, ನನ್ನ ಫೋನು ಆರಿಹೋಗಿತ್ತು. ‘ಗಾಡಿ ಎಂಟಕ್ಕೆ ಮಾಲೀಕರಿಗೆ ಬಿಡಬೇಕು ಸಾರ್, ಈ ಕಡೆ ಬರಲೇಬಾರದಿತ್ತು’ ಅಂತ ಅವನು ಗೊಣಗಿಕೊಂಡ. ಬಂದದ್ದು ಏಕೆ ಅಂತ ಕೇಳಿದೆ. ‘ನೀವು ನೆನೀತಾ ಇದ್ರಲ್ಲ’ ಅಂದ. ಇನ್ನೂರು ಕೇಳಿದ್ದೂ ನಾನು ನೆನೆಯುತ್ತಿದ್ದದ್ದಕ್ಕೇ ಇರಬೇಕು. ನಾನು ಆ ಮಾತು ಎತ್ತಲಿಲ್ಲ.

ಮುಂದಿನ ಸಲ ನೀವು ಬಂದಾಗ ರೈಲಿನಲ್ಲಾದರೆ ನಿಲ್ದಾಣದ ಪ್ರೀಪೇಯ್ಡ್ ಕೌಂಟರಿನಲ್ಲಿ ಚೀಟಿ ತೆಗೆದುಕೊಳ್ಳಿ, ಚೌಕಾಸಿಯ ಗೋಜಿಲ್ಲ. ಬಸ್ಸಿನಲ್ಲಿ ಬಂದು ಮತ್ತೆ ನಾಲ್ಕೂವರೆಗೇ ಇಳಿದರೆ ನಿಲ್ದಾಣದ ಒಳಗೇ ಒಂದು ಕಾಫಿ ಕುಡಿಯಿರಿ, ಪೇಪರ್ ಬಂದಿದ್ದರೆ ಅದನ್ನೂ ನೋಡಿ. 5 ಹೊಡೆದ ಮೇಲೆ ಹೊರಗೆ ಬನ್ನಿ. ಆಗ ‘ಒಂದೂವರೆ’ ಅಂದವನಿಗೆ ಗಡಿಯಾರ ತೋರಿಸಬಹುದು.